ಫೈಬರ್ ಡಬ್ಬಿಯ ಕೆಂಪು ದೀಪ: ತಪ್ಪು ಡಬ್ಬಿಯದ್ದೋ, ಬೀರುವಿನದ್ದೋ?

ಪ್ರಶ್ನೆ: ಭಾನುವಾರ ಬೀರು ಸರಿಸಿ ಗೋಡೆಗೆ ಒತ್ತಿಟ್ಟೆವು. ಫೈಬರ್ ಒಳಗೆ ಬರುವ ಪುಟ್ಟ ಗೋಡೆ ಡಬ್ಬಿ ಅದರ ಹಿಂದೆಯೇ ಇದೆ. ಅವತ್ತು ಸಂಜೆಯಿಂದ ಮೋಡೆಮ್ಮಿನಲ್ಲಿ ಎಲ್‌ಓಎಸ್ ಅನ್ನೋ ಕೆಂಪು ದೀಪ ಮಿಣುಕುತ್ತಿದೆ. ಆಗಾಗ ಸರಿಹೋಗುತ್ತದೆ, ಮತ್ತೆ ಬರುತ್ತದೆ. ಎಷ್ಟೋ ಸಲ ಆಫ್ ಮಾಡಿ ಆನ್ ಮಾಡಿದೆ. ಕೊನೆಗೆ ಪಿನ್ ಚುಚ್ಚಿ ರಿಸೆಟ್ ಮಾಡಿದೆ. ಈಗ ಎಲ್‌ಓಎಸ್ ಆರಿ ಪಾನ್ ದೀಪ ಹಸಿರಾಗಿದ್ದಾಗಲೂ ಇಂಟರ್‌ನೆಟ್ ದೀಪ ಕೆಂಪಗೇ ಇದೆ. ಬಿಲ್ ಕಟ್ಟೋದು ನಾಲ್ಕು ದಿನ ತಡವಾಗಿತ್ತು. ಅದಕ್ಕೇ ಲೈನ್ ಕಟ್ ಮಾಡಿದ್ದಾರಾ? ಅಥವಾ ಮೋಡೆಮ್ ಡಬ್ಬಿಯೇ ಹೋಯ್ತಾ?

ಉತ್ತರ: ಡಬ್ಬಿ ಹೋಗಿಲ್ಲ ಅನ್ನೋದು ನನ್ನ ಅಂದಾಜು. ಬಿಲ್ಲಿಗೂ ಈ ಎಲ್‌ಓಎಸ್ ದೀಪಕ್ಕೂ ಸಂಬಂಧವೇ ಇಲ್ಲ. ನಿಮ್ಮ ಮೊದಲ ವಾಕ್ಯದಲ್ಲಿರುವ ಬೀರುವಿನ ಮೇಲೆಯೇ ನನಗೆ ಗುಮಾನಿ. ಜೊತೆಗೆ ನಿಮ್ಮಲ್ಲಿ ಈಗ ಒಂದಲ್ಲ, ಎರಡು ತೊಂದರೆಗಳಿವೆ. ಮೊದಲನೆಯದನ್ನು ಬೀರು ಮಾಡಿತು, ಎರಡನೆಯದನ್ನು ಆ ಪಿನ್ ಮಾಡಿತು. ಬೇಜಾರು ಮಾಡ್ಕೋಬೇಡಿ, ನಾನು ಹೋಗುವ ಮನೆಗಳಲ್ಲಿ ಅರ್ಧಕ್ಕರ್ಧ ಕಡೆ ಇದೇ ಕಥೆ.

ಮೊದಲು ದೀಪಗಳ ವಿಷಯ. ಸಾಲಾಗಿ ಏಳೆಂಟು ದೀಪ ಇರುತ್ತವೆ, ಆದರೆ ಲೈನ್ ಹೋದಾಗ ನೋಡಬೇಕಾದ್ದು ಮೂರೇ. ಅವನ್ನು ಒಂದರ ಮೇಲೊಂದು ಇರುವ ಮಹಡಿಗಳು ಅಂದುಕೊಳ್ಳಿ. ಕೆಳಗಿನದು ಸರಿಯಿಲ್ಲದೆ ಮೇಲಿನದು ಸರಿಯಾಗೋದಿಲ್ಲ.

ಕೆಳಗಿನ ಮಹಡಿ ಎಲ್‌ಓಎಸ್. ಫೈಬರಿನಿಂದ ಡಬ್ಬಿಗೆ ಸಾಕಷ್ಟು ಬೆಳಕು ಬರುತ್ತಿದೆಯೋ ಇಲ್ಲವೋ, ಅಷ್ಟನ್ನೇ ಅದು ಹೇಳುತ್ತದೆ. ಇದು ಉಲ್ಟಾ ದೀಪ. ಆರಿದ್ದರೆ ಒಳ್ಳೆಯದು, ಹತ್ತಿದರೆ ಕೆಟ್ಟದ್ದು. ಎಲ್ಲ ದೀಪಗಳೂ ಹತ್ತಿರಬೇಕು ಅಂದುಕೊಂಡವರು ಆರಿದ ಎಲ್‌ಓಎಸ್ ನೋಡಿ ಗಾಬರಿಯಾಗಿ ಫೋನ್ ಮಾಡಿದ್ದೂ ಇದೆ.

ಮಧ್ಯದ ಮಹಡಿ ಪಿ-ಓ-ಎನ್ ಎಂದು ಬರೆದಿರುವುದು. ನಾವು ಪಾನ್ ಅಂತೀವಿ. ಬೆಳಕು ಬಂದ ಮೇಲೆ ಡಬ್ಬಿ ಕಂಪನಿಯ ತುದಿಯಲ್ಲಿರುವ ದೊಡ್ಡ ಯಂತ್ರಕ್ಕೆ ತನ್ನ ಸೀರಿಯಲ್ ನಂಬರ್ ಹೇಳಿ ಹೆಸರು ಹಚ್ಚಿಸಿಕೊಳ್ಳಬೇಕು. ಆ ಮಾತುಕತೆ ನಡೆಯುವಾಗ ಪಾನ್ ಮಿಣುಕುತ್ತದೆ. ಮುಗಿದರೆ ಅಲುಗಾಡದೆ ಹಸಿರಾಗಿ ನಿಲ್ಲುತ್ತದೆ. ಆನ್ ಮಾಡಿದ ಮೇಲೆ ಒಂದೆರಡು ನಿಮಿಷ ಮಿಣುಕಿದರೆ ಸಹಜ. ಹತ್ತು ನಿಮಿಷವಾದರೂ ಮಿಣುಕುತ್ತಲೇ ಇದ್ದರೆ, ಅಲ್ಲಿಂದ ಬೆಳಕು ಬರುತ್ತಿದೆ, ಆದರೆ ಆ ತುದಿಯವರು ನಿಮ್ಮ ಡಬ್ಬಿಯನ್ನು ಗುರುತಿಸುತ್ತಿಲ್ಲ ಎಂದರ್ಥ.

ಮೇಲಿನ ಮಹಡಿ ಇಂಟರ್‌ನೆಟ್ ದೀಪ. ನಿಮ್ಮ ಯೂಸರ್ ನೇಮ್, ಪಾಸ್‌ವರ್ಡ್ ಕೊಟ್ಟು ಲಾಗಿನ್ ಆಗಿ, ವಿಳಾಸ ಸಿಕ್ಕಿತೋ ಇಲ್ಲವೋ ಅನ್ನೋದು ಇದರ ಲೆಕ್ಕ. ಲ್ಯಾನ್, ವೈಫೈ ದೀಪಗಳು ಪಟಪಟ ಮಿಣುಕುವುದು ತೊಂದರೆಯಲ್ಲ, ಡೇಟಾ ಓಡಾಡುತ್ತಿದೆ ಅಷ್ಟೇ. ಬಣ್ಣವೂ ಮಿಣುಕುವ ವೇಗವೂ ಮಾಡೆಲ್‌ನಿಂದ ಮಾಡೆಲ್‌ಗೆ ಬದಲಾಗುತ್ತವೆ. ಕೆಲವದರಲ್ಲಿ ಬೆಳಕಿಲ್ಲದಿದ್ದರೆ ಎಲ್‌ಓಎಸ್ ಮಿಣುಕುತ್ತದೆ, ಕೆಲವದರಲ್ಲಿ ಸುಮ್ನೆ ಕೆಂಪಗೆ ಹತ್ತಿಕೊಂಡಿರುತ್ತದೆ. ಎರಡಕ್ಕೂ ಹುಡುಕಬೇಕಾದ ಜಾಗ ಒಂದೇ, ಫೈಬರ್.

ಈಗ ಬಿಲ್ಲಿನ ಮಾತು. ದುಡ್ಡು ಕಟ್ಟದಿದ್ದರೆ ಬೆಳಕು ನಿಲ್ಲಿಸುತ್ತಾರೆ ಅನ್ನೋ ನಂಬಿಕೆ ತುಂಬಾ ಜನರಲ್ಲಿದೆ. ಆದರೆ ಕಂಪನಿಯವರು ತಮ್ಮ ಕುರ್ಚಿಯಲ್ಲಿ ಕೂತು ಹಾಗೆ ಮಾಡಲು ಆಗೋದೇ ಇಲ್ಲ. ಆ ತುದಿಯ ಒಂದು ಪೋರ್ಟಿನಿಂದ ಒಂದೇ ಫೈಬರ್ ಹೊರಡುತ್ತದೆ. ದಾರಿಯಲ್ಲಿ ಸ್ಪ್ಲಿಟರ್ ಅನ್ನೋ ಗಾಜಿನ ಪುಟ್ಟ ಸಾಧನ ಆ ಬೆಳಕನ್ನು 32 ಮನೆಗಳಿಗೆ ಹಂಚುತ್ತದೆ, ಕೆಲವು ಕಡೆ 64ಕ್ಕೆ. ಅದಕ್ಕೆ ಕರೆಂಟೂ ಇಲ್ಲ, ಸ್ವಿಚ್ಚೂ ಇಲ್ಲ. ಕಂಪನಿಯ ತುದಿಯಲ್ಲಿ ಬೆಳಕು ಆರಿಸಿದರೆ 32 ಮನೆಗೂ ಆರುತ್ತದೆ. ನಿಮ್ಮೊಬ್ಬರ ಬೆಳಕು ನಿಲ್ಲಬೇಕಾದರೆ ಯಾರೋ ಸ್ಪ್ಲಿಟರ್ ಇರುವ ಜಾಗಕ್ಕೇ ಹೋಗಿ ನಿಮ್ಮ ಎಳೆಯನ್ನು ಕೈಯಾರೆ ಕೀಳಬೇಕು. ಬಿಲ್ ಬಾಕಿಯಾದಾಗ ಸಾಮಾನ್ಯವಾಗಿ ಮಾಡೋದು ಲಾಗಿನ್ ತಡೆಯುವುದು, ಅಂದರೆ ಇಂಟರ್‌ನೆಟ್ ದೀಪ ಕೆಡುತ್ತದೆ. ತೀರಾ ಆದರೆ ನಿಮ್ಮ ಸೀರಿಯಲ್ ನಂಬರನ್ನು ತೆಗೆದುಹಾಕುತ್ತಾರೆ. ಆಗ ಕೆಡೋದು ಪಾನ್. ಎಲ್‌ಓಎಸ್ ಕೆಂಪಾಗಿದ್ದರೆ ಹುಡುಕಬೇಕಾದದ್ದು ಬಿಲ್ಲನ್ನಲ್ಲ, ಬೆಳಕು ಸೋರುವ ಜಾಗವನ್ನು.

ಬೆಳಕು ಸೋರೋದು ಅಂದರೆ ಏನು, ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಆ ತುದಿಯಿಂದ ಸಾವಿರ ಪಾಲು ಬೆಳಕು ಹೊರಟಿತು ಅಂದುಕೊಳ್ಳಿ. 32 ಮನೆಯ ಸ್ಪ್ಲಿಟರ್ ದಾಟುವಷ್ಟರಲ್ಲಿ ನಿಮ್ಮ ಎಳೆಗೆ ಉಳಿಯುವುದು ಸುಮಾರು 20 ಪಾಲು. ಆಮೇಲೆ ನಾಲ್ಕೈದು ಕಿಲೋಮೀಟರ್ ಫೈಬರ್, ಮಧ್ಯದ ಜೋಡಣೆಗಳು, ಗೋಡೆ ಡಬ್ಬಿಯ ಕನೆಕ್ಟರ್, ಇವೆಲ್ಲ ತಮ್ಮ ಪಾಲು ತಿಂದ ಮೇಲೆ ನಿಮ್ಮ ಡಬ್ಬಿಗೆ 8 ಪಾಲು ಬಂದರೆ ಅದು ಒಳ್ಳೆಯ ಲೈನ್. ಸಾವಿರದಲ್ಲಿ ಎಂಟು! ಆದರೂ ಡಬ್ಬಿಗೆ ಅದು ಧಾರಾಳ. ಸಾವಿರಕ್ಕೆ 1 ಪಾಲು ಸಿಕ್ಕರೂ ಅದು ಹೇಗೋ ಓದಿಕೊಳ್ಳುತ್ತದೆ. ಅದಕ್ಕಿಂತ ಕಮ್ಮಿಯಾದರೆ ಎಲ್‌ಓಎಸ್ ಹೊತ್ತಿಸುತ್ತದೆ.

ಈಗ ಬೀರು ಬಂತು. ಗಾಜಿನ ಎಳೆಯ ಒಳಗೆ ಬೆಳಕು ಗೋಡೆಯಿಂದ ಗೋಡೆಗೆ ತೀರಾ ಓರೆಯಾಗಿ ತಾಗಿ ಜಾರುತ್ತಾ ಹೋಗುತ್ತದೆ, ಅದಕ್ಕೇ ಹೊರಗೆ ಬರೋದಿಲ್ಲ. ಎಳೆಯನ್ನು ಬಿಗಿಯಾಗಿ ಬಗ್ಗಿಸಿದರೆ ಆ ಓರೆ ಹೋಗಿ ನೇರಕ್ಕೆ ಬಡಿಯುತ್ತದೆ. ಆ ತಿರುವಿನಲ್ಲಿ ಒಂದಿಷ್ಟು ಬೆಳಕು ಹೊರಗೆ ಸೋರುತ್ತದೆ. ಗೋಡೆಗೂ ಬೀರುವಿಗೂ ನಡುವೆ ಮಡಚಿಕೊಂಡ ಒಂದು ಕೇಬಲ್ ಹತ್ತರಲ್ಲಿ ಒಂಬತ್ತು ಪಾಲನ್ನು ಸುಲಭವಾಗಿ ನುಂಗಬಲ್ಲದು. ನಿಮ್ಮ 8 ಪಾಲು 0.8 ಆಯಿತು. ಬೇಕಾಗಿದ್ದದ್ದು 1. ಕೇಬಲ್ ತುಂಡಾಗಿಲ್ಲ, ನೋಡೋಕೆ ಚೆನ್ನಾಗೇ ಇದೆ, ಆದರೂ ದೀಪ ಕೆಂಪು.

ನಿಮ್ಮದು ಆಗಾಗ ಸರಿಹೋಗುತ್ತದೆ ಅಂದಿರಲ್ಲ, ಅದಕ್ಕೂ ಕಾರಣ ಇದೇ. ಬೆಳಕು ಆ ಗೆರೆಯ ಮೇಲೆ ತೂಗಾಡುತ್ತಿದೆ. ಬೀರುವಿನ ಬಾಗಿಲು ತೆಗೆದಾಗ ಅದು ಕೂದಲೆಳೆಯಷ್ಟು ಮುಂದಕ್ಕೆ ವಾಲಿದರೂ ಸಾಕು, 0.8 ಇದ್ದದ್ದು 1.2 ಆಗುತ್ತದೆ. ನೀವು ಅದೇ ಹೊತ್ತಿಗೆ ಆಫ್ ಮಾಡಿ ಆನ್ ಮಾಡಿದ್ದರೆ, ಸರಿಹೋಗಿದ್ದು ಅದರಿಂದಲೇ ಅನ್ನಿಸುತ್ತದೆ. ಬೆಳಕೇ ಬರದಿದ್ದಾಗ ಡಬ್ಬಿಯನ್ನು ಎಷ್ಟು ಸಲ ಆಫ್ ಮಾಡಿದರೂ ಬೆಳಕು ಬರೋದಿಲ್ಲ, ಅಲ್ವಾ?

ಒಂದು ಮನೆ ನೆನಪಾಗುತ್ತದೆ. ದಿನಾ ರಾತ್ರಿ ಹತ್ತೂವರೆಗೆ ಎಲ್‌ಓಎಸ್ ಕೆಂಪು, ಬೆಳಿಗ್ಗೆ ಆರಕ್ಕೆ ಆ ಕೆಂಪು ತಾನಾಗಿ ಮಾಯ. ಕಂಪನಿಯವರು ರಾತ್ರಿ ಬೆಳಕು ಆರಿಸುತ್ತಾರೆ ಅಂತಲೇ ಆ ಮನೆಯವರು ನಂಬಿದ್ದರು. ಡಬ್ಬಿ ಎರಡು ಸಲ ಬದಲಾಗಿತ್ತು. ನಾನು ಹೋದದ್ದು ಹಗಲಿನಲ್ಲಿ, ಎಲ್ಲ ಸರಿಯಾಗಿತ್ತು. ಹೊರಡುವಾಗ ಮುಂಬಾಗಿಲು ಎಳೆದುಕೊಂಡೆ, ಒಳಗಿಂದ ‘ಹೋಯ್ತು, ಹೋಯ್ತು’ ಅಂತ ಕೂಗು. ಕೇಬಲನ್ನು ಬಾಗಿಲ ಚೌಕಟ್ಟಿನ ಸಂದಿಯಿಂದ ತಂದಿದ್ದರು. ರಾತ್ರಿ ಬಾಗಿಲು ಹಾಕಿದರೆ ಕೇಬಲ್ ಅಮುಕುತ್ತಿತ್ತು, ಬೆಳಿಗ್ಗೆ ತೆಗೆದರೆ ಬಿಡುತ್ತಿತ್ತು. ಕೆಂಪು ಲೇಸರ್ ಪೆನ್ನನ್ನು ಕೇಬಲಿಗೆ ಸಿಕ್ಕಿಸಿ ಬಾಗಿಲು ಹಾಕಿದಾಗ, ಚಿಲಕದಿಂದ ಒಂದು ಗೇಣು ಕೆಳಗೆ ಹಳದಿ ಹೊದಿಕೆಯ ಮೂಲಕವೇ ಅಕ್ಕಿ ಕಾಳಿನಷ್ಟು ಕೆಂಪು ಹೊಳೆಯುತ್ತಿತ್ತು. ಸೋರುವ ಜಾಗ ಅದೇ.

ಹಾಗಾಗಿ ನೀವು ಮೊದಲು ಮಾಡಬೇಕಾದ್ದು ಬೀರುವನ್ನು ಒಂದು ಗೇಣು ಮುಂದಕ್ಕೆ ಎಳೆಯುವುದು. ಎಳೆಯುವಾಗ ಕೇಬಲ್ ಬೀರುವಿಗೆ ಸಿಕ್ಕಿಕೊಂಡಿಲ್ಲ ಅಂತ ಟಾರ್ಚ್ ಹಾಕಿ ನೋಡಿಕೊಳ್ಳಿ, ಇಲ್ಲದಿದ್ದರೆ ಸೋರುವ ಕೇಬಲ್ ಹರಿದ ಕೇಬಲ್ ಆಗುತ್ತದೆ. ಗೋಡೆ ಡಬ್ಬಿಯಿಂದ ಕೇಬಲ್ ಹೊರಬರುವ ಜಾಗವನ್ನು ವಿಶೇಷವಾಗಿ ನೋಡಿ. ಕನೆಕ್ಟರಿನ ಹಿಂದೆ ರಬ್ಬರ್ ಬಾಲ ಇರುತ್ತದಲ್ಲ, ಅದು ಮುಗಿದ ತಕ್ಷಣ ಕೇಬಲ್ ಮಡಚಿಕೊಂಡಿರುವುದೇ ಜಾಸ್ತಿ. ಅಲ್ಲಿ ಐದಾರು ಸೆಂಟಿಮೀಟರ್ ನೇರ ಜಾಗ ಬೇಕು. ಮನೆಯೊಳಗಿನ ಈಗಿನ ಕೇಬಲ್‌ಗಳಲ್ಲಿ ಹೆಚ್ಚಿನವು ಒಂದು ಸೆಂಟಿಮೀಟರ್ ತ್ರಿಜ್ಯದ ತಿರುವನ್ನು ತಡೆದುಕೊಳ್ಳುತ್ತವೆ. ಹಳೆಯ ಬಗೆಯದಕ್ಕೆ ಮೂರು ಸೆಂಟಿಮೀಟರ್ ಬೇಕು. ಯಾವುದೆಂದು ಹೊರಗಿನಿಂದ ಗೊತ್ತಾಗೋದಿಲ್ಲ, ಹಾಗಾಗಿ ಕಾಫಿ ಲೋಟದ ಸುತ್ತಳತೆಗಿಂತ ಚಿಕ್ಕ ತಿರುವು ಬೇಡ ಅಂತಿಟ್ಟುಕೊಳ್ಳಿ. ಉಳಿದ ಕೇಬಲನ್ನು ದೊಡ್ಡ ಸುರುಳಿ ಮಾಡಿ ಸಡಿಲವಾಗಿ ನೇತುಹಾಕಿ. ಟ್ಯಾಗ್ ಹಾಕಿ ಬಿಗಿಯುವುದು ಬೇಡ.

ಇದಾದ ಮೇಲೆ ಎಲ್‌ಓಎಸ್ ಆರಿ, ಪಾನ್ ಒಂದೆರಡು ನಿಮಿಷದಲ್ಲಿ ಗಟ್ಟಿಯಾಗಿ ಹಸಿರಾದರೆ, ಅಲ್ಲಿಗೆ ನಿಲ್ಲಿಸಬೇಡಿ. ದೀಪ ಹೇಳೋದು ಹೌದು ಅಥವಾ ಇಲ್ಲ, ಅಷ್ಟೇ. ಎಷ್ಟು ಬೆಳಕು ಅಂತ ಅದು ಹೇಳೋದಿಲ್ಲ. 1.1 ಪಾಲು ಬಂದರೂ ಹಸಿರೇ, 8 ಪಾಲು ಬಂದರೂ ಹಸಿರೇ. ಲೆಕ್ಕ ಬೇಕಿದ್ದರೆ ಬ್ರೌಸರಿನಲ್ಲಿ ಡಬ್ಬಿಯ ಪುಟ ತೆಗೆಯಿರಿ. ಹೆಚ್ಚಿನವಕ್ಕೆ ವಿಳಾಸ 192.168.1.1. ನಿಮ್ಮದಕ್ಕೆ ಯಾವುದು ಅಂತ ಡಬ್ಬಿಯ ತಳದ ಸ್ಟಿಕ್ಕರ್‌ನಲ್ಲಿ ಬರೆದಿರುತ್ತದೆ, ಲಾಗಿನ್ ಕೂಡ ಅಲ್ಲೇ ಇರುತ್ತದೆ. ಒಳಗೆ ಸ್ಟೇಟಸ್ ಅನ್ನೋ ಕಡೆ ಆಪ್ಟಿಕಲ್ ಅಥವಾ ಪಾನ್ ಹೆಸರಿನ ಪುಟದಲ್ಲಿ RX Power ಅಂತ ಒಂದು ಸಂಖ್ಯೆ ಕಾಣುತ್ತದೆ. ಇಂಟರ್‌ನೆಟ್ ಇಲ್ಲದಿದ್ದರೂ ಈ ಪುಟ ತೆರೆಯುತ್ತದೆ, ಡಬ್ಬಿಯ ವೈಫೈಗೆ ಸೇರಿಕೊಂಡಿದ್ದರೆ ಸಾಕು.

ಆ ಸಂಖ್ಯೆಯ ಮುಂದೆ ಮೈನಸ್ ಇರುತ್ತದೆ, ಅದಕ್ಕೆ ಹೆದರಬೇಡಿ. ಡಿಬಿಎಂ ಅನ್ನೋ ಅಳತೆ ಅದು. ಮೂರು ಕೆಳಗಿಳಿದರೆ ಬೆಳಕು ಅರ್ಧವಾಯಿತು, ಹತ್ತು ಇಳಿದರೆ ಹತ್ತನೇ ಒಂದು ಪಾಲಾಯಿತು. ಮೇಲಿನ ಲೆಕ್ಕದ 8 ಪಾಲು ಅಂದರೆ ಸುಮಾರು -18, ಕೊನೆಯ ಗೆರೆಯಾದ 1 ಪಾಲು ಅಂದರೆ -27. ಬೀರು ಒತ್ತಿದಾಗ ಆಗಿದ್ದು -28. ಇದು ಎಲ್ಲ ಕಡೆ ಜಾಸ್ತಿ ಬಳಕೆಯಲ್ಲಿರುವ ಜಿಪಾನ್ ಡಬ್ಬಿಗಳ ಲೆಕ್ಕ, ಬೇರೆ ಬಗೆಯವುಗಳಲ್ಲಿ ಗೆರೆ ಸ್ವಲ್ಪ ಆಚೀಚೆ ಇರುತ್ತದೆ. ನನ್ನ ಕೈಯಳತೆ ಹೀಗೆ: -15ರಿಂದ -23ರವರೆಗೆ ಇದ್ದರೆ ನಿಶ್ಚಿಂತೆ. -24, -25 ಇದ್ದರೆ ಇವತ್ತು ನಡೆಯುತ್ತದೆ, ಯಾವತ್ತೋ ಕೈಕೊಡುತ್ತದೆ. -26 ಕಂಡರೆ ಹಸಿರು ದೀಪ ಇದ್ದರೂ ದೂರು ಕೊಡಿ. ಬೆಳಕು ಏನೂ ಇಲ್ಲದಿದ್ದರೆ ಕೆಲವು ಡಬ್ಬಿಗಳು -40 ತೋರಿಸುತ್ತವೆ, ಕೆಲವು ಬರೀ ಗೆರೆ ಎಳೆದು ಬಿಡುತ್ತವೆ.

ಇನ್ನೊಂದು ಮಿತಿ ಗೊತ್ತಿರಲಿ. ಈ ಸಂಖ್ಯೆ ಬರುವ ಬೆಳಕಿನದ್ದು ಮಾತ್ರ. ನಿಮ್ಮ ಡಬ್ಬಿಯಿಂದ ಹೋಗುವ ಬೆಳಕು ಅದೇ ಎಳೆಯಲ್ಲಿ ಬೇರೆ ತರಂಗದಲ್ಲಿ ಹೋಗುತ್ತದೆ. ಬರೋದು 1490 ನ್ಯಾನೋಮೀಟರ್, ಹೋಗೋದು 1310. ಅದು ಆ ತುದಿಯಲ್ಲಿ ಎಷ್ಟು ಸಿಕ್ಕಿತು ಅಂತ ಕಂಪನಿಯವರಿಗೇ ಕಾಣೋದು. ನಿಮ್ಮಲ್ಲಿ -20 ಇದ್ದೂ ಪಾನ್ ಪದೇ ಪದೇ ಮಿಣುಕುತ್ತಿದ್ದರೆ ಅವರನ್ನು ಆ ಸಂಖ್ಯೆ ಕೇಳಿ.

ಬೀರು ಸರಿಸಿದ ಮೇಲೂ ಸಂಖ್ಯೆ -26ರ ಹತ್ತಿರವೇ ನಿಂತರೆ ಗಾಜಿನಲ್ಲಿ ಬಿರುಕು ಬಿದ್ದಿರಬಹುದು, ಅಥವಾ ಎಳೆದಾಟದಲ್ಲಿ ಕನೆಕ್ಟರ್ ಅರ್ಧ ಹೊರಬಂದಿರಬಹುದು. ಕನೆಕ್ಟರನ್ನು ಬೆರಳಿಂದ ಒಳಗೆ ಒತ್ತಿ ನೋಡಿ, ಟಕ್ ಅಂದರೆ ಕೂತಿತು. ಪೂರ್ತಿ ಹೊರತೆಗೆಯುವುದು ಬೇಡ ಅಂತ ನಾನು ಹೇಳೋದು ಯಾಕೆ ಅಂದರೆ, ಬೆಳಕು ಹಾಯುವ ಗಾಜಿನ ತಿರುಳು ಬರೀ 9 ಮೈಕ್ರಾನ್ ಅಗಲ. ಕೂದಲು ಅದಕ್ಕಿಂತ ಏಳೆಂಟು ಪಟ್ಟು ದಪ್ಪ. ಒಂದು ಧೂಳಿನ ಕಣ ಕೂತರೆ ಬಂಡೆ ಕೂತ ಹಾಗೆ. ಅಂಗಿಯ ಅಂಚಿನಿಂದ ಒರೆಸಿದರೆ ಬೆರಳಿನ ಜಿಡ್ಡೂ ಸೇರಿಕೊಳ್ಳುತ್ತದೆ. ಅದಕ್ಕೆಂದೇ ಇರುವ ಒಣ ಟೇಪಿನ ಒರೆಸುವ ಸಾಧನ ಟೆಕ್ನಿಷಿಯನ್ ಬಳಿ ಇರುತ್ತದೆ.

ಬಿಚ್ಚಲೇಬೇಕಾಗಿ ಬಂದರೆ ತುದಿಯನ್ನು ಮುಟ್ಟಬೇಡಿ, ಕಣ್ಣಿನ ಎದುರು ಹಿಡಿದು ಇಣುಕಬೇಡಿ. ಆ ಬೆಳಕು ಕಣ್ಣಿಗೆ ಕಾಣದ ಬಗೆಯದು. ಹಾಗಾಗಿ ಕತ್ತಲೆ ಕಂಡಿತು ಅಂದ ಮಾತ್ರಕ್ಕೆ ಬೆಳಕಿಲ್ಲ ಅಂತಲ್ಲ. ಬಣ್ಣವನ್ನೂ ನೋಡಿಕೊಳ್ಳಿ. ಹಸಿರು ಕನೆಕ್ಟರಿನ ತುದಿಯನ್ನು 8 ಡಿಗ್ರಿ ಓರೆಯಾಗಿ ಕೊರೆದಿರುತ್ತಾರೆ, ನೀಲಿಯದ್ದು ನೇರ. ಹಸಿರನ್ನು ನೀಲಿಗೆ ಸಿಕ್ಕಿಸಿದರೂ ಟಕ್ ಅಂತ ಕೂರುತ್ತದೆ, ಆದರೆ ನಡುವೆ ಸಂದಿ ಉಳಿದು ಬೆಳಕು ಹೋಗುತ್ತದೆ. ಗೋಡೆ ಡಬ್ಬಿಯಿಂದ ಮೋಡೆಮ್ಮಿಗೆ ಬರುವ ಕೇಬಲಿಗೆ ಪ್ಯಾಚ್ ಕಾರ್ಡ್ ಅಂತೀವಿ, ಅಂಗಡಿಯಿಂದ ಅದರ ಹೊಸದನ್ನು ತಂದು ಹಾಕಿಕೊಂಡವರು ಎಡವೋದು ಸಾಮಾನ್ಯವಾಗಿ ಇಲ್ಲೇ.

ಇನ್ನು ನೀವು ಚುಚ್ಚಿದ ಪಿನ್. ಪಾನ್ ಹಸಿರಾಗಿದ್ದಾಗಲೂ ಇಂಟರ್‌ನೆಟ್ ಕೆಂಪು ಇದೆ ಅಂದರೆ ಎರಡು ಮಹಡಿ ಸರಿ, ಮೂರನೆಯದು ಖಾಲಿ. ರಿಸೆಟ್ ಬಟನ್ ಡಬ್ಬಿಯನ್ನು ಕಾರ್ಖಾನೆಯಿಂದ ಬಂದ ಸ್ಥಿತಿಗೆ ಒಯ್ಯುತ್ತದೆ. ಕಂಪನಿಯವರು ಹಾಕಿಕೊಟ್ಟಿದ್ದ ಯೂಸರ್ ನೇಮ್, ಪಾಸ್‌ವರ್ಡ್ ಅಳಿಸಿಹೋಗಿರುತ್ತವೆ. ಕೆಲವು ಕಂಪನಿಗಳ ವ್ಯವಸ್ಥೆಯಲ್ಲಿ ಅವು ಆ ತುದಿಯಿಂದ ತಾವಾಗಿ ಮತ್ತೆ ಇಳಿಯುತ್ತವೆ. ನಿಮ್ಮಲ್ಲಿ ಇಳಿದ ಹಾಗೆ ಕಾಣಲಿಲ್ಲ. ಒಂದು ಲೆಕ್ಕದಲ್ಲಿ ಇದು ನಿಮ್ಮ ಅದೃಷ್ಟವೇ. ಕೆಲವು ಡಬ್ಬಿಗಳಲ್ಲಿ ಹೆಸರು ಹಚ್ಚಿಸಿಕೊಳ್ಳುವ ಗುಟ್ಟಿನ ಪಾಸ್‌ವರ್ಡ್ ಕೂಡ ಅಳಿಸಿಹೋಗುತ್ತದೆ, ಆಗ ಪಾನ್ ಹಸಿರಾಗೋದೇ ಇಲ್ಲ.

ಹಳೆಯ ಇನ್‌ಸ್ಟಲೇಷನ್ ಮೆಸೇಜಿನಲ್ಲಿ ಯೂಸರ್ ನೇಮ್ ಇದ್ದರೆ ಅದೇ 192.168.1.1 ಪುಟದ WAN ವಿಭಾಗದಲ್ಲಿ PPPoE ಆರಿಸಿ ನೀವೇ ತುಂಬಬಹುದು. ಅಲ್ಲೊಂದು VLAN ಸಂಖ್ಯೆಯನ್ನೂ ಕೇಳುತ್ತದೆ. ಅದನ್ನು ಊಹಿಸಿ ಹಾಕಬೇಡಿ, ಒಂದಂಕಿ ತಪ್ಪಿದರೂ ದೀಪ ಕೆಂಪಗೇ ಉಳಿಯುತ್ತದೆ. ಕಂಪನಿಯನ್ನೇ ಕೇಳಿ ಹಾಕಿ. ಬಿಲ್ ಬಾಕಿ ಉಳಿದಿದೆಯಾ ಅಂತಲೂ ಅದೇ ಫೋನಿನಲ್ಲಿ ಕೇಳಿಬಿಡಿ, ಯಾಕೆಂದರೆ ಈ ಮೂರನೇ ದೀಪಕ್ಕೆ ಬಿಲ್ಲೂ ಕಾರಣ ಆಗಬಹುದು. ಡಬ್ಬಿಯ ಜೊತೆ ಬೇರೆ ರೂಟರ್ ಇಟ್ಟುಕೊಂಡಿದ್ದರೆ ಈ ಲಾಗಿನ್ ಅದರೊಳಗೂ ಇರಬಹುದು.

ಫೋನ್ ಮಾಡುವಾಗ ‘ನೆಟ್ ಬರ್ತಿಲ್ಲ’ ಅಂದರೆ ಆ ಕಡೆಯವರು ಆಫ್ ಮಾಡಿ ಆನ್ ಮಾಡಿ ಅಂತಲೇ ಶುರುಮಾಡುತ್ತಾರೆ. ಅದರ ಬದಲು ಹೀಗೆ ಹೇಳಿ: ‘ಭಾನುವಾರ ಸಂಜೆಯಿಂದ ಎಲ್‌ಓಎಸ್ ಬಂದು ಹೋಗಿ ಆಗ್ತಿತ್ತು. ಕೇಬಲ್ ಸಡಿಲ ಮಾಡಿದ್ದೀನಿ, ಈಗ ಎಲ್‌ಓಎಸ್ ಆಫ್, ಪಾನ್ ಹಸಿರು, ಆರ್‌ಎಕ್ಸ್ ಪವರ್ ಇಷ್ಟಿದೆ. ಡಬ್ಬಿ ರಿಸೆಟ್ ಆಗಿದೆ, ಲಾಗಿನ್ ಹಾಕಿಕೊಡಿ.’ ಲಾಗಿನ್ ಫೋನಿನಲ್ಲೇ ಸರಿಹೋಗುತ್ತದೆ. ಬೆಳಕು ಇನ್ನೂ ಕಮ್ಮಿಯಿದ್ದರೆ ಪವರ್ ಮೀಟರ್ ತರೋ ಟೆಕ್ನಿಷಿಯನ್ನನ್ನೇ ಕಳಿಸಿ ಅನ್ನಿ. ಅವರು ಬಂದಾಗ ಗೋಡೆ ಡಬ್ಬಿಯಲ್ಲಿ ಒಂದು ಸಲ, ಪ್ಯಾಚ್ ಕಾರ್ಡಿನ ತುದಿಯಲ್ಲಿ ಒಂದು ಸಲ ಅಳೆಯಲಿ. ಎರಡರ ನಡುವೆ ಒಂದು ಡೆಸಿಬಲ್‌ಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಆ ಪ್ಯಾಚ್ ಕಾರ್ಡ್ ಬದಲಾಯಿಸಿದರೆ ಆಯಿತು. ಗೋಡೆ ಡಬ್ಬಿಯಲ್ಲೇ ಕಮ್ಮಿ ಇದ್ದರೆ ತೊಂದರೆ ಅದರ ಹಿಂದೆ ಅಥವಾ ಮನೆಯ ಹೊರಗೆ. ಅಕ್ಕಪಕ್ಕದವರ ಎಲ್‌ಓಎಸ್ ಕೂಡ ಅದೇ ಹೊತ್ತಿಗೆ ಕೆಂಪಾಗಿತ್ತಾ ಅಂತ ಕೇಳಿಟ್ಟುಕೊಳ್ಳಿ. ಆಗಿದ್ದರೆ ನಿಮ್ಮ ಬೀರು ನಿರಪರಾಧಿ. ಯಾರು ಅಳೆದರೂ, ಡಬ್ಬಿ ಬದಲಾಯಿಸುವ ಮಾತು ಬರಬೇಕಾದದ್ದು ಮೀಟರಿನಲ್ಲಿ -20ರ ಆಸುಪಾಸು ಬೆಳಕು ಕಂಡೂ ಡಬ್ಬಿ ಮಾತ್ರ ಎಲ್‌ಓಎಸ್ ತೋರಿಸುತ್ತಿದ್ದರೆ.

ಎಲ್ಲ ಸರಿಹೋದ ದಿನ ಆರ್‌ಎಕ್ಸ್ ಪವರ್ ಎಷ್ಟಿದೆ ನೋಡಿ, ಒಂದು ಚೀಟಿಯಲ್ಲಿ ತಾರೀಖು ಸಮೇತ ಬರೆದು ಡಬ್ಬಿಯ ಬೆನ್ನಿಗೆ ಅಂಟಿಸಿ. ಬೀರುವನ್ನು ಮತ್ತೆ ಹಿಂದಕ್ಕೆ ತಳ್ಳಿದ ಮೇಲೂ ಒಮ್ಮೆ ನೋಡಿ. ಚೀಟಿಯಲ್ಲಿರುವುದಕ್ಕಿಂತ ಎರಡೋ ಮೂರೋ ಇಳಿದಿದ್ದರೆ, ದೀಪ ಹಸಿರಾಗಿದ್ದರೂ ಬೀರುವನ್ನು ನಾಲ್ಕು ಬೆರಳು ಮುಂದಕ್ಕೆ ಎಳೆಯಿರಿ.